ಕಿಬ್ಬೊಟ್ಟೆಯ ಒಂದೇ ಬದಿಯ ನೋವು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ಕಾಯಬಾರದು

ಕಾಫಿ ಕೊಯ್ಲಿನ ದಿನಗಳಲ್ಲಿ ಮೂಡಿಗೆರೆ, ಕಳಸದ ಕಡೆಯ ತೋಟಗಳಲ್ಲಿ ಹೊಟ್ಟೆನೋವಿಗೆ ಹೆಸರು ಸಿದ್ಧವಾಗಿಯೇ ಇರುತ್ತದೆ. ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್. ಸೊಂಟದ ಪಕ್ಕ ಹಿಡಿದುಕೊಂಡರೆ ಮೂಟೆ ಎತ್ತಿದ್ದಕ್ಕೆ ಆದ ಉಳುಕು. ತಿಂಗಳ ಲೆಕ್ಕ ಹತ್ತಿರವಿದ್ದರೆ ಮುಟ್ಟಿನ ನೋವು. "ಎಂತದೂ ಅಲ್ಲ ಮಾರಾಯ್ತಿ, ಜೀರಿಗೆ ಕಷಾಯ ಕುಡಿ, ಸರಿ ಹೋಗ್ತದೆ" ಎಂದು ಪಕ್ಕದ ಸಾಲಿನವಳು ಹೇಳುತ್ತಾಳೆ. ಹೆಚ್ಚಿನ ಸಲ ಸರಿ ಹೋಗಿಯೂ ಬಿಡುತ್ತದೆ. ಆದರೆ ಇದೇ ಮೂರು ಹೆಸರುಗಳ ಹಿಂದೆ ಅಂಡಾಶಯದ ನೀರುಗುಳ್ಳೆಯೂ, ಅಂದರೆ ಸ್ಕ್ಯಾನ್ ರಿಪೋರ್ಟಿನಲ್ಲಿ ಸಿಸ್ಟ್ ಎಂದು ಬರೆದಿರುವುದೂ, ಅಡಗಿರಬಹುದು. ಅದು ಬಹುಪಾಲು ನಿರುಪದ್ರವಿ. ಕೆಲವೊಮ್ಮೆ ಮಾತ್ರ ಅದು ತಿರುಚಿಕೊಳ್ಳುತ್ತದೆ ಇಲ್ಲವೇ ಒಡೆಯುತ್ತದೆ. ಆಗ ಆಸ್ಪತ್ರೆ ದೂರವಿರುವ ಊರಿನಲ್ಲಿ ಹೊರಡುವ ತೀರ್ಮಾನವನ್ನು ಬೇಗ ಮಾಡಬೇಕಾಗುತ್ತದೆ. ಆ ತೀರ್ಮಾನಕ್ಕೆ ಬೇಕಾದ ಮುಖ್ಯ ಸುಳಿವು ನೋವು ಎಷ್ಟಿದೆ ಎಂಬುದಕ್ಕಿಂತ ಹೇಗೆ ಶುರುವಾಯಿತು ಎಂಬುದರಲ್ಲಿದೆ.

ಗುಳ್ಳೆ ಬರುವುದು ಹೇಗೆ

ಗರ್ಭಕೋಶದ ಎಡಬಲಕ್ಕೆ ಒಂದೊಂದು ಅಂಡಾಶಯ. ಉದ್ದ ಸುಮಾರು 3 ಸೆಂಟಿಮೀಟರ್. ಪ್ರತಿ ತಿಂಗಳೂ ಅದರೊಳಗೆ ಒಂದು ಸಣ್ಣ ನೀರಿನ ಚೀಲ ಬೆಳೆದು, 2 ಸೆಂಟಿಮೀಟರ್ ಆಸುಪಾಸಿಗೆ ಬಂದಾಗ ಒಡೆದು, ಅಂಡವನ್ನು ಹೊರಬಿಡುತ್ತದೆ. ಕೆಲವು ತಿಂಗಳು ಈ ಚೀಲ ಒಡೆಯದೆ ಹಾಗೇ ಹಿಗ್ಗುತ್ತದೆ. ಇನ್ನು ಕೆಲವು ಸಲ ಅಂಡ ಹೊರಬಿದ್ದ ಮೇಲೆ ಉಳಿದ ಚೀಲವೇ ಮುಚ್ಚಿಕೊಂಡು ನೀರೋ ರಕ್ತವೋ ತುಂಬಿಕೊಳ್ಳುತ್ತದೆ. ಮುಟ್ಟು ನಡೆಯುತ್ತಿರುವ ವಯಸ್ಸಿನ ಹೆಂಗಸರಲ್ಲಿ ಕಾಣುವ ಗುಳ್ಳೆಗಳಲ್ಲಿ ಹೆಚ್ಚಿನವು ಈ ಬಗೆಯವು. ಇವು ಎರಡು ಮೂರು ಮುಟ್ಟು ಕಳೆಯುವುದರೊಳಗೆ ತಾವೇ ಕರಗುತ್ತವೆ.

ಕರಗದವೂ ಇವೆ. ಡರ್ಮಾಯ್ಡ್ ಎಂಬುದು ಒಳಗೆ ಕೊಬ್ಬು, ಕೂದಲು, ಕೆಲವೊಮ್ಮೆ ಹಲ್ಲನ್ನೂ ಇಟ್ಟುಕೊಂಡು ವರ್ಷಗಟ್ಟಲೆ ನಿಧಾನವಾಗಿ ಬೆಳೆಯುವ ಗೆಡ್ಡೆ. ಎಂಡೊಮೆಟ್ರಿಯೋಸಿಸ್ ಇರುವವರಲ್ಲಿ ಹಳೆಯ ಕಪ್ಪು ರಕ್ತ ತುಂಬಿದ ಗುಳ್ಳೆ ಇರಬಹುದು. ಅದನ್ನು ಚಾಕೊಲೇಟ್ ಸಿಸ್ಟ್ ಎನ್ನುತ್ತಾರೆ.

ಇಲ್ಲೊಂದು ಗೊಂದಲ ಬಿಡಿಸಿಬಿಡಬೇಕು. "ನನಗೆ ಪಿಸಿಓಡಿ ಇದೆ, ಅಂಡಾಶಯದ ತುಂಬ ಗುಳ್ಳೆಗಳಿವೆಯಂತೆ, ಒಡೆದರೆ ಏನು ಗತಿ?" ಎಂದು ಕಾಲೇಜಿಗೆ ಹೋಗುವ ಹುಡುಗಿಯರು ಕೇಳುತ್ತಾರೆ. ಪಿಸಿಓಡಿಯಲ್ಲಿ ಕಾಣುವುದು 1 ಸೆಂಟಿಮೀಟರ್ ಕೂಡ ಇಲ್ಲದ, ಬೆಳವಣಿಗೆ ಅರ್ಧಕ್ಕೆ ನಿಂತ ಅಂಡಕೋಶಗಳು. ಅದು ಹಾರ್ಮೋನಿನ ಏರುಪೇರು. ಮುಟ್ಟು ತಪ್ಪುವುದು, ಮುಖದಲ್ಲಿ ಕೂದಲು, ಮೊಡವೆ ಅದರ ಲಕ್ಷಣಗಳು. ಆ ಸಣ್ಣ ಕೋಶಗಳು ಒಡೆದು ರಕ್ತ ಸುರಿಸುವುದಿಲ್ಲ. ಪಿಸಿಓಡಿ ಇದೆ ಎಂದು ಈ ಭಯವನ್ನು ಹೊತ್ತು ತಿರುಗಬೇಕಿಲ್ಲ. ಹಾಗೆಯೇ ಪಿಸಿಓಡಿ ಇರುವವಳಿಗೆ ಇದ್ದಕ್ಕಿದ್ದಂತೆ ಜೋರು ನೋವು ಬಂದರೆ "ಅದೇ ಇರಬೇಕು" ಎಂದು ಸುಮ್ಮನಿರಲೂಬಾರದು.

ಉಬ್ಬರ, ಭಾರ, ಒಂದು ಬದಿಯ ಎಳೆತ

ಸಣ್ಣ ಗುಳ್ಳೆಗೆ ಲಕ್ಷಣವೇ ಇರುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಾಣಿಸಿಕೊಂಡು ಮನೆಯವರನ್ನು ಹೆದರಿಸುವುದು ಇಂಥದ್ದೇ. ದೊಡ್ಡದಾದರೆ ಅದು ಜಾಗ ಕೇಳುತ್ತದೆ. ಕಿಬ್ಬೊಟ್ಟೆಯ ಒಂದು ಪಕ್ಕದಲ್ಲಿ ಮಂದವಾದ ನೋವು, ಏನೋ ತೂಗುತ್ತಿರುವ ಹಾಗೆ ಭಾರ, ಮುಟ್ಟಿಗೆ ಮುಂಚೆ ಅದು ಸ್ವಲ್ಪ ಹೆಚ್ಚು. ಗುಳ್ಳೆ ಮೂತ್ರಕೋಶವನ್ನು ಒತ್ತಿದರೆ ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುತ್ತದೆ, ಕರುಳನ್ನು ಒತ್ತಿದರೆ ಮಲಬದ್ಧತೆ. ಸಂಭೋಗದ ಹೊತ್ತಿಗೆ ಒಳಗೆ ಒಂದೇ ಬದಿಗೆ ನೋಯುವುದೂ ಉಂಟು.

ಗ್ಯಾಸ್ಟ್ರಿಕ್ ಉಬ್ಬರಕ್ಕೂ ಇದಕ್ಕೂ ವ್ಯತ್ಯಾಸವನ್ನು ಮನೆಯಲ್ಲೇ ಸ್ವಲ್ಪ ಮಟ್ಟಿಗೆ ಗುರುತಿಸಬಹುದು. ವಾಯುವಿನ ಉಬ್ಬರ ಊಟದ ಜೊತೆಗೆ ಏರಿಳಿಯುತ್ತದೆ. ತೇಗು ಬಂದರೆ, ಹೊಟ್ಟೆ ಖಾಲಿಯಾದರೆ ಇಳಿಯುತ್ತದೆ, ಬೆಳಗ್ಗೆ ಎದ್ದಾಗ ಹಗುರವಾಗಿರುತ್ತದೆ. ಗುಳ್ಳೆಯ ಉಬ್ಬರ ಹೊಕ್ಕುಳ ಕೆಳಗೆ ಇರುತ್ತದೆ, ಊಟ ಮಾಡಿದರೂ ಬಿಟ್ಟರೂ ಹಾಗೇ ಇರುತ್ತದೆ. ಲಂಗದ ಲಾಡಿ ದಿನವಿಡೀ ಬಿಗಿ ಎನಿಸುತ್ತದೆ. ತೋಟದಲ್ಲಿ ಕೆಲಸ ಮಾಡುವವರ ವಿಷಯದಲ್ಲಿ ಇನ್ನೊಂದು ತೊಡಕಿದೆ. ಶೌಚಾಲಯ ಹತ್ತಿರವಿಲ್ಲವೆಂದು ನೀರು ಕಡಿಮೆ ಕುಡಿದು, ಮೂತ್ರ ಕಟ್ಟಿಕೊಂಡು ದುಡಿಯುವ ಹೆಂಗಸರಿಗೆ ಮೂತ್ರದ ಸೋಂಕು ಆಗುತ್ತಲೇ ಇರುತ್ತದೆ. ಅದರ ಲಕ್ಷಣವೂ ಕಿಬ್ಬೊಟ್ಟೆ ನೋವು ಮತ್ತು ಪದೇ ಪದೇ ಮೂತ್ರ. ಉರಿಯಿದ್ದು, ಮೂತ್ರ ಪರೀಕ್ಷೆಯಲ್ಲಿ ಸೋಂಕು ಕಂಡರೆ ಮಾತ್ರೆ ಸಾಕು. ಮಾತ್ರೆ ಮುಗಿದ ಮೇಲೂ ಒಂದು ಬದಿಯ ಭಾರ ಉಳಿದರೆ ಸ್ಕ್ಯಾನ್ ಬೇಕು.

ಈ ಹಂತದಲ್ಲಿ ಅವಸರವಿಲ್ಲ. ಸಂತೆಯ ದಿನ ನೋಡಿಕೊಂಡು ಮೂಡಿಗೆರೆಗೋ ಚಿಕ್ಕಮಗಳೂರಿಗೋ ಹೋಗಿ ಮಾಡಿಸಬಹುದು. ರಿಪೋರ್ಟ್ ಕೈಗೆ ಬಂದಾಗ ನೋಡಬೇಕಾದದ್ದು ಮೂರು: ಯಾವ ಬದಿ, ಎಷ್ಟು ಸೆಂಟಿಮೀಟರ್, ಸಿಂಪಲ್ ಎಂದು ಬರೆದಿದೆಯೋ ಕಾಂಪ್ಲೆಕ್ಸ್ ಎಂದೋ. ಸಿಂಪಲ್ ಎಂದರೆ ತೆಳು ಗೋಡೆ, ಒಳಗೆ ಬರೀ ನೀರು. ಕಾಂಪ್ಲೆಕ್ಸ್ ಎಂದರೆ ಒಳಗೆ ಅಡ್ಡಗೋಡೆ, ಗಟ್ಟಿ ಭಾಗ, ರಕ್ತ, ಕೊಬ್ಬು ಹೀಗೆ ಬೇರೆ ಏನೋ ಇದೆ ಎಂದು ಅರ್ಥ, ಕ್ಯಾನ್ಸರ್ ಎಂದಲ್ಲ. ಮುಟ್ಟು ನಿಲ್ಲದವರಲ್ಲಿ 5 ಸೆಂಟಿಮೀಟರಿಗಿಂತ ಚಿಕ್ಕ ಸಿಂಪಲ್ ಗುಳ್ಳೆಗೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. 5ರಿಂದ 7ರವರೆಗಿನದನ್ನು ಮತ್ತೆ ಸ್ಕ್ಯಾನ್ ಮಾಡಿ ಗಮನಿಸುತ್ತಾರೆ. 7 ದಾಟಿದರೆ ಹೆಚ್ಚಿನ ಪರೀಕ್ಷೆಯೋ ಶಸ್ತ್ರಚಿಕಿತ್ಸೆಯೋ ಎಂಬ ಮಾತು ಬರುತ್ತದೆ.

ಮುಟ್ಟು ನಿಂತವರ ಲೆಕ್ಕ ಬೇರೆ. ಐವತ್ತು ದಾಟಿದ ಹೆಂಗಸಿಗೆ ಹೊಸದಾಗಿ ಶುರುವಾದ ಉಬ್ಬರ ವಾರಗಟ್ಟಲೆ ಬಿಡದಿದ್ದರೆ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಅದನ್ನು ವಯಸ್ಸಿನ ಅಜೀರ್ಣವೆಂದು ತಳ್ಳಿಹಾಕಬಾರದು. ಅಂಡಾಶಯದ ಕ್ಯಾನ್ಸರ್ ಹೀಗೆ ಸದ್ದಿಲ್ಲದೆ ಬರುತ್ತದೆ. ಅವರಿಗೆ ಸ್ಕ್ಯಾನ್ ಜೊತೆಗೆ ಸಿಎ-125 ಎಂಬ ರಕ್ತಪರೀಕ್ಷೆಯೂ ಬೇಕಾಗುತ್ತದೆ.

ತಿರುಚಿದಾಗ ಒಳಗೆ ನಡೆಯುವುದು

ಅಂಡಾಶಯ ಹೊಟ್ಟೆಯೊಳಗೆ ಒಂದು ತೊಟ್ಟಿನ ಮೇಲೆ ತೂಗಾಡಿಕೊಂಡಿರುತ್ತದೆ. ರಕ್ತನಾಳಗಳು ಬರುವುದು ಹೋಗುವುದು ಆ ತೊಟ್ಟಿನ ಮೂಲಕವೇ. ಅಂಡಾಶಯದಲ್ಲಿ 5 ಸೆಂಟಿಮೀಟರಿಗಿಂತ ದೊಡ್ಡ ಗುಳ್ಳೆ ಇದ್ದರೆ ಭಾರ ಹೆಚ್ಚಿ ಅದು ತೊಟ್ಟಿನ ಸುತ್ತ ತಿರುಗುವ ಸಂಭವ ಹೆಚ್ಚು. ಡರ್ಮಾಯ್ಡ್ ಇದರಲ್ಲಿ ಮುಂದು. ಚಾಕೊಲೇಟ್ ಸಿಸ್ಟ್ ಸುತ್ತಲಿನ ಅಂಗಗಳಿಗೆ ಅಂಟಿಕೊಂಡಿರುವುದರಿಂದ ಅಷ್ಟಾಗಿ ತಿರುಗುವುದಿಲ್ಲ. ಎಡಗಡೆಗಿಂತ ಬಲಗಡೆಯಲ್ಲಿ ಇದು ಹೆಚ್ಚು, ಏಕೆಂದರೆ ಎಡಗಡೆ ದೊಡ್ಡ ಕರುಳಿನ ಕೊನೆಯ ಭಾಗ ಜಾಗ ತುಂಬಿಕೊಂಡು ಅಂಡಾಶಯ ಹೊರಳಾಡದಂತೆ ತಡೆಯುತ್ತದೆ. ಬಲಗಡೆಯ ನೋವೆಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಅಪೆಂಡಿಕ್ಸ್. ಆ ಗೊಂದಲಕ್ಕೆ ಇದೂ ಒಂದು ಕಾರಣ.

ತಿರುಚಿದ ಕೂಡಲೇ ರಕ್ತ ಪೂರ್ತಿ ನಿಲ್ಲುವುದಿಲ್ಲ. ಔಷಧಿ ಹೊಡೆಯುವಾಗ ಮೆದು ರಬ್ಬರ್ ಪೈಪನ್ನೂ ದಪ್ಪ ಗೋಡೆಯ ಪೈಪನ್ನೂ ಒಟ್ಟಿಗೆ ಹಿಂಡಿದರೆ ಮೊದಲು ಮುಚ್ಚಿಕೊಳ್ಳುವುದು ಮೆದುವಾದದ್ದು. ಇಲ್ಲಿಯೂ ಹಾಗೆ. ರಕ್ತವನ್ನು ಹೊರಗೆ ಒಯ್ಯುವ ತೆಳು ಗೋಡೆಯ ನಾಳ ಮೊದಲು ಮುಚ್ಚುತ್ತದೆ, ಒಳಗೆ ತರುವ ನಾಳ ಇನ್ನೂ ತೆರೆದೇ ಇರುತ್ತದೆ. ರಕ್ತ ಬರುತ್ತಲೇ ಇದೆ, ಹೋಗಲು ದಾರಿಯಿಲ್ಲ. ಅಂಡಾಶಯ ಊದಿಕೊಂಡು ನೀಲಿಗಟ್ಟುತ್ತದೆ. ಊತ ಹೆಚ್ಚಾದಂತೆ ಕೊನೆಗೆ ಒಳಬರುವ ರಕ್ತವೂ ನಿಂತು ಅಂಗ ಸಾಯತೊಡಗುತ್ತದೆ.

ಇದರಿಂದ ಎರಡು ಮಾತು ಸ್ಪಷ್ಟವಾಗುತ್ತವೆ. ಒಂದು, ರಕ್ತದ ಓಟ ನೋಡುವ ಡಾಪ್ಲರ್ ಸ್ಕ್ಯಾನಿನಲ್ಲಿ ಓಟ ಕಂಡಿತೆಂದ ಮಾತ್ರಕ್ಕೆ ತಿರುಚಿಲ್ಲವೆಂದು ಹೇಳಲಾಗದು. ಎರಡು, ಅಂಗ ಸಾಯಲು ಸಮಯ ಹಿಡಿಯುವುದರಿಂದ ಅದನ್ನು ಉಳಿಸಿಕೊಳ್ಳಲು ನಮಗೂ ಸಮಯವಿದೆ. ಇಷ್ಟೇ ಗಂಟೆ ಎಂಬ ಗೆರೆ ಇಲ್ಲ. ಬಿಗಿಯಾಗಿ ತಿರುಚಿದ್ದರೆ ಕೆಲವೇ ಗಂಟೆ, ಸಡಿಲವಾಗಿದ್ದರೆ ಒಂದು ದಿನ ಕಳೆದ ಮೇಲೂ ಉಳಿದದ್ದುಂಟು. ಬೇಗ ಹೋದಷ್ಟೂ ಉಳಿಯುವ ಸಾಧ್ಯತೆ ಹೆಚ್ಚು. ತಡವಾಯಿತೆಂದು ಹೋಗದೆ ಕೂರುವುದಂತೂ ಸಲ್ಲದು.

ಇದರ ನೋವು ಇಂಥ ಗಳಿಗೆಯಲ್ಲಿ ಶುರುವಾಯಿತು ಎಂದು ಹೇಳಬಹುದಾದಂಥದ್ದು. ಬಗ್ಗಿ ಏಳುವಾಗ, ಮೂಟೆ ಎತ್ತುವಾಗ, ಹಾಸಿಗೆಯಲ್ಲಿ ಹೊರಳುವಾಗ ಒಂದೇ ಬದಿಗೆ ಇದ್ದಕ್ಕಿದ್ದಂತೆ ಹಿಡಿಯುತ್ತದೆ. ಜೊತೆಗೆ ಓಕರಿಕೆ, ವಾಂತಿ. ಮುಟ್ಟಿನ ನೋವು ಹೀಗೆ ಹಠಾತ್ತಾಗಿ ಬರುವುದಿಲ್ಲ. ಉಳುಕಿಗೆ ವಾಂತಿ ಇರುವುದಿಲ್ಲ. ಅಪೆಂಡಿಕ್ಸ್ ನೋವು ಸಾಮಾನ್ಯವಾಗಿ ಹೊಕ್ಕುಳ ಸುತ್ತ ಶುರುವಾಗಿ ಗಂಟೆಗಳ ಮೇಲೆ ಬಲಗಡೆಗೆ ಇಳಿಯುತ್ತದೆ. ಮೂತ್ರಪಿಂಡದ ಕಲ್ಲಿನ ನೋವು ಬೆನ್ನಿನ ಪಕ್ಕದಿಂದ ತೊಡೆಯ ಸಂದಿಗೆ ಹರಿಯುತ್ತದೆ.

ಎಲ್ಲಕ್ಕಿಂತ ಮೋಸಗೊಳಿಸುವುದು ನೋವು ಬಂದು ಹೋಗುವ ಬಗೆ. ತಿರುಚಿದ್ದು ಅರ್ಧ ಬಿಚ್ಚಿಕೊಂಡರೆ ನೋವು ಇಳಿಯುತ್ತದೆ, ಮತ್ತೆ ತಿರುಚಿದರೆ ಮರಳುತ್ತದೆ. ನಡುವಿನ ಆರಾಮದ ಹೊತ್ತನ್ನು ಗುಣವಾಯಿತೆಂದು ತಿಳಿಯುತ್ತಾರೆ.

ಒಂದು ಸಂಜೆಯ ಲೆಕ್ಕ

ಉದಾಹರಣೆಗೆ ಹೀಗೊಂದು ಸಂದರ್ಭ ಇಟ್ಟುಕೊಳ್ಳೋಣ. ಕಳಸದಿಂದ ಒಳಗೆ ಒಂದು ತೋಟ, ಜನವರಿ ತಿಂಗಳು, ರೋಬಸ್ಟಾ ಕೊಯ್ಲು. ಇಪ್ಪತ್ತೇಳರ ಹೆಂಗಸು, ಒಂದು ಮಗುವಿನ ತಾಯಿ. ಎರಡು ತಿಂಗಳ ಹಿಂದೆ ಉಬ್ಬರಕ್ಕೆಂದು ಸ್ಕ್ಯಾನ್ ಮಾಡಿಸಿದಾಗ ಬಲ ಅಂಡಾಶಯದಲ್ಲಿ ಆರೂವರೆ ಸೆಂಟಿಮೀಟರಿನ ಡರ್ಮಾಯ್ಡ್ ಕಂಡಿದೆ. ಕೊಯ್ಲು ಮುಗಿದ ಮೇಲೆ ಆಪರೇಷನ್ ಎಂದು ಮುಂದೂಡಿದ್ದಾಳೆ. ಮಧ್ಯಾಹ್ನ ಮೂರಕ್ಕೆ ಹಣ್ಣಿನ ಚೀಲ ಎತ್ತುವಾಗ ಬಲಗಡೆ ಕಿಬ್ಬೊಟ್ಟೆಯಲ್ಲಿ ಒಮ್ಮೆಲೇ ನೋವು, ಎರಡು ಸಲ ವಾಂತಿ. ಲೈನ್ ಮನೆಗೆ ಬಂದು ಮಲಗಿದಳು. ಐದಕ್ಕೆ ನೋವು ಇಳಿಯಿತು.

ಸಂಜೆ ಐದರ ಈ ಗಳಿಗೆಯೇ ನಿರ್ಣಾಯಕ ಹೊತ್ತು. ಇಲ್ಲಿ ಮೂರು ತಪ್ಪು ನಡೆಯಬಹುದು. ಇಳಿಯಿತಲ್ಲ ಎಂದು ನಾಳೆಗೆ ಬಿಡುವುದು. "ಬಟ್ಟಿ ಬಿದ್ದಿದೆ" ಎಂದು ಎಣ್ಣೆ ಹಚ್ಚಿ ಹೊಟ್ಟೆ ತಿಕ್ಕಿಸುವುದು. ಹತ್ತಿರದಲ್ಲಿ ಒಂದು ನೋವಿನ ಇಂಜೆಕ್ಷನ್ ಹಾಕಿಸಿಕೊಂಡು ಮಲಗುವುದು. ತಿಕ್ಕುವುದರಿಂದ ತಿರುಚು ಬಿಚ್ಚುವುದಿಲ್ಲ, ಗುಳ್ಳೆ ಒಡೆಯುವ ಅಪಾಯ ಮಾತ್ರ ಸೇರುತ್ತದೆ. ಡರ್ಮಾಯ್ಡ್ ಒಡೆದರೆ ಅದರ ಕೊಬ್ಬು ಹೊಟ್ಟೆಯೊಳಗೆ ಚೆಲ್ಲಿ ದೊಡ್ಡ ಉರಿಯೂತ ಎಬ್ಬಿಸುತ್ತದೆ. ಇಂಜೆಕ್ಷನ್ ತಪ್ಪಲ್ಲ, ಆದರೆ ಅದನ್ನು ಹಾಕಿಸಿಕೊಂಡು ಹೊರಡಬೇಕೇ ಹೊರತು ಮಲಗಬಾರದು.

ಸರಿಯಾದ ಲೆಕ್ಕ ಹೀಗೆ. ಗುಳ್ಳೆ ಇರುವುದು ಗೊತ್ತು, ನೋವು ಹಠಾತ್ತಾಗಿ ಬಂತು, ವಾಂತಿ ಆಯಿತು. ಇಷ್ಟು ಸಾಕು, ಬೆಳಕಿರುವಾಗಲೇ ಹೊರಡಬೇಕು. ಕಳಸದಲ್ಲಿ ನಾಡಿ, ಬಿಪಿ ನೋಡಿಸಿಕೊಂಡು ಡ್ರಿಪ್ ಹಾಕಿಸಿಕೊಳ್ಳಬಹುದು. ಆದರೆ ಹೋಗಿ ಸೇರಬೇಕಾದದ್ದು ಸ್ಕ್ಯಾನ್, ಅರಿವಳಿಕೆ ತಜ್ಞರು, ಸ್ತ್ರೀರೋಗ ಶಸ್ತ್ರವೈದ್ಯರು ಮೂರೂ ರಾತ್ರಿ ಸಿಗುವ ಕಡೆಗೆ. ಕಳಸದಿಂದ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೆ ಸುಮಾರು 90 ಕಿಲೋಮೀಟರ್ ತಿರುವು ರಸ್ತೆ. ಇನ್ನೊಂದು ದಾರಿ ಕುದುರೆಮುಖದ ಮೇಲೆ ಕಾರ್ಕಳ, ಮಣಿಪಾಲದ ಕಡೆಗೆ. ಮೂಡಿಗೆರೆಯವರಿಗೆ ಚಿಕ್ಕಮಗಳೂರು 30 ಕಿಲೋಮೀಟರ್ ಆಸುಪಾಸು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದರೆ ಮಂಗಳೂರಿನ ದಾರಿ. ಹೊರಡುವ ಮುಂಚೆ ಒಂದು ಫೋನ್ ಮಾಡಿ "ಇವತ್ತು ರಾತ್ರಿ ಆಪರೇಷನ್ ಮಾಡುವವರಿದ್ದಾರೆಯೇ" ಎಂದು ಕೇಳಿಕೊಂಡರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದು ತಪ್ಪುತ್ತದೆ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ದಾರಿಯಲ್ಲಿ ಊಟ, ಚಹಾ ಬೇಡ.

ಆಸ್ಪತ್ರೆಯಲ್ಲಿ ಮೊದಲು ಗರ್ಭಪರೀಕ್ಷೆ, ಆಮೇಲೆ ಸ್ಕ್ಯಾನ್. ಬಲ ಅಂಡಾಶಯ ಊದಿಕೊಂಡಿದೆ, ರಕ್ತದ ಓಟ ಸ್ವಲ್ಪ ಕಾಣುತ್ತಿದೆ. ಅನುಭವಿ ವೈದ್ಯರು ಓಟ ಇದೆಯಲ್ಲ ಎಂದು ಮನೆಗೆ ಕಳಿಸುವುದಿಲ್ಲ, ನೋವಿನ ಕಥೆಯನ್ನು ನಂಬಿ ಲ್ಯಾಪ್ರೊಸ್ಕೋಪಿ ಮಾಡುತ್ತಾರೆ. ಹೊಕ್ಕುಳ ಬಳಿ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿದಾಗ ತೊಟ್ಟು ಎರಡು ಸುತ್ತು ತಿರುಚಿದೆ, ಅಂಡಾಶಯ ಕಪ್ಪುನೀಲಿಯಾಗಿದೆ. ಮೊದಲೆಲ್ಲ ಇಂಥದ್ದನ್ನು ಸತ್ತಿತೆಂದು ತೆಗೆದುಹಾಕುತ್ತಿದ್ದರು. ಈಗ ಬಿಚ್ಚಿ ಬಿಡುತ್ತಾರೆ. ಕಪ್ಪಾಗಿ ಕಂಡ ಅಂಡಾಶಯಗಳಲ್ಲಿ ಬಹುಪಾಲು ಮುಂದೆ ಮತ್ತೆ ಕೆಲಸ ಮಾಡುತ್ತವೆ ಎಂಬುದು ತಿಳಿದುಬಂದಿದೆ. ಗುಳ್ಳೆಯನ್ನು ಅದೇ ಸಲ ಬಿಡಿಸಿ ತೆಗೆಯಬಹುದು, ಊತ ಜಾಸ್ತಿಯಿದ್ದರೆ ಕೆಲವು ವಾರ ಬಿಟ್ಟು ತೆಗೆಯಬಹುದು. ಮುಟ್ಟು ನಿಲ್ಲದ ಹೆಂಗಸಿಗೆ ಅಂಡಾಶಯವನ್ನೇ ತೆಗೆಯಬೇಕೆಂದು ಹೇಳಿದರೆ "ಬಿಚ್ಚಿ ಉಳಿಸಲು ಆಗುವುದಿಲ್ಲವೇ" ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಮಳೆಗಾಲದಲ್ಲಿ ಇದೇ ಲೆಕ್ಕಕ್ಕೆ ಇನ್ನೊಂದು ಅಂಶ ಸೇರುತ್ತದೆ. ಭದ್ರೆ ಉಕ್ಕಿದರೆ ಕಳಸ-ಹೊರನಾಡು ದಾರಿಯ ಹೆಬ್ಬಾಳೆ ಸೇತುವೆ ಮುಳುಗುತ್ತದೆ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ದಾರಿಯೇ ಮುಚ್ಚಿತ್ತು. ಆದ್ದರಿಂದ ದೊಡ್ಡ ಗುಳ್ಳೆ ಇದೆ, ತೆಗೆಯಬೇಕು ಎಂದು ವೈದ್ಯರು ಹೇಳಿದ್ದರೆ ಅದನ್ನು ಜೂನ್ ಬರುವ ಮೊದಲೇ ಮುಗಿಸಿಕೊಳ್ಳುವುದು ಈ ಗುಡ್ಡಗಳಲ್ಲಿ ಬುದ್ಧಿವಂತಿಕೆ.

ಒಡೆದರೆ

ಗುಳ್ಳೆ ಒಡೆಯುವುದು ತಿರುಚುವುದಕ್ಕಿಂತ ಸಾಮಾನ್ಯ, ಬಹುಪಾಲು ಅಷ್ಟು ಅಪಾಯದ್ದೂ ಅಲ್ಲ. ಮುಟ್ಟಾದ ಮೂರನೆಯ ನಾಲ್ಕನೆಯ ವಾರದಲ್ಲಿ, ಭಾರದ ಕೆಲಸದ ನಡುವೆಯೋ ಸಂಭೋಗದ ಹೊತ್ತಿಗೋ, ಒಂದು ಬದಿಗೆ ಚೂಪಾದ ನೋವು ಬಂದು ಗಂಟೆಗಳು ಕಳೆದಂತೆ ಮಂದವಾಗುತ್ತದೆ. ಚೆಲ್ಲಿದ ನೀರನ್ನು ಮೈ ಹೀರಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದರೆ ನೋವಿನ ಮಾತ್ರೆ, ವಿಶ್ರಾಂತಿ ಸಾಕು.

ಹೆದರಬೇಕಾದದ್ದು ಒಡೆದ ಗೋಡೆಯಿಂದ ರಕ್ತ ನಿಲ್ಲದೆ ಸುರಿಯುತ್ತಿದ್ದರೆ. ರಕ್ತ ಹೊಟ್ಟೆಯೊಳಗೇ ಸೇರುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ, ಮೈ ತಣ್ಣಗೆ ಬೆವರು, ಮುಖ ಬಿಳುಪು, ನಾಡಿ ಜೋರು, ಹೊಟ್ಟೆ ಗಟ್ಟಿಯಾಗಿ ಉಬ್ಬುತ್ತ ಹೋಗುವುದು ಇದರ ಗುರುತು. ಮಲಗಿದಾಗ ಭುಜದ ತುದಿ ನೋಯುವುದೂ ಒಂದು ಗುರುತು. ಚೆಲ್ಲಿದ ರಕ್ತ ಮೇಲಕ್ಕೆ ಹರಿದು ವಪೆಯನ್ನು ಕೆಣಕುತ್ತದೆ. ವಪೆಯ ನರ ಮತ್ತು ಭುಜದ ನರ ಕುತ್ತಿಗೆಯ ಒಂದೇ ಮೂಲದಿಂದ ಬರುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ. ಹೃದಯದ ಕವಾಟಕ್ಕೋ ರಕ್ತ ಹೆಪ್ಪುಗಟ್ಟಿದ್ದಕ್ಕೋ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರುವವರಲ್ಲಿ ಈ ರಕ್ತಸ್ರಾವ ಹೆಚ್ಚಿರುತ್ತದೆ. ಈ ಗುರುತುಗಳಿದ್ದರೆ ಬೈಕಿನಲ್ಲಿ ಕೂರಿಸಿಕೊಂಡು ಹೋಗಬಾರದು. 108ಕ್ಕೆ ಕರೆ ಮಾಡಿ, ಅದು ಬರುವುದು ತಡವಾಗುವುದಾದರೆ ತೋಟದ ಜೀಪಿನಲ್ಲಿ ಮಲಗಿಸಿಕೊಂಡು ಎದುರು ಹೋಗಬೇಕು.

ಇದೇ ಚಿತ್ರವನ್ನು ತದ್ವತ್ತಾಗಿ ತೋರಿಸುವ ಇನ್ನೊಂದು ಸಂಗತಿ ಗರ್ಭನಾಳದಲ್ಲಿ ಕಟ್ಟಿದ ಬಸಿರು ಒಡೆಯುವುದು. ಅದು ಜೀವಕ್ಕೇ ಅಪಾಯ. ಆದ್ದರಿಂದ ಹೆರುವ ವಯಸ್ಸಿನ ಯಾರಿಗೇ ಇಂಥ ನೋವು ಬಂದರೂ ಕೊನೆಯ ಮುಟ್ಟು ಯಾವಾಗ ಆಯಿತೆಂದು ಕೇಳಲೇಬೇಕು, ಮೂತ್ರದ ಗರ್ಭಪರೀಕ್ಷೆ ಮಾಡಲೇಬೇಕು. ಮಕ್ಕಳಾಗದ ಆಪರೇಷನ್ ಆಗಿದೆಯಲ್ಲ ಎಂದು ಬಿಡಬಾರದು, ಅದಾದ ಮೇಲೂ ಅಪರೂಪಕ್ಕೆ ನಾಳದ ಬಸಿರು ನಿಲ್ಲುವುದುಂಟು. ಪರೀಕ್ಷೆಯ ಕಿಟ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ, ಊರಿನ ಆಶಾ ಕಾರ್ಯಕರ್ತೆಯ ಬಳಿಯೂ ಇರುತ್ತದೆ. ಬಸುರಿಯಲ್ಲೂ, ಅದರಲ್ಲೂ ಮೊದಲ ನಾಲ್ಕು ತಿಂಗಳಲ್ಲಿ, ಅಂಡಾಶಯ ತಿರುಚಬಹುದು. ಬಸಿರಿನ ವಾಂತಿ ಎಂದು ಅದನ್ನು ತಳ್ಳಿಹಾಕಬೇಡಿ. ಮಗುವನ್ನು ಉಳಿಸಿಕೊಂಡೇ ಶಸ್ತ್ರಚಿಕಿತ್ಸೆ ಮಾಡಲು ಸಾಧ್ಯವಿದೆ.

ವೈದ್ಯರಿಗೆ ಹೇಳಬೇಕಾದದ್ದು

ಗುಳ್ಳೆ ಇದೆಯೆಂದು ಗೊತ್ತಿರುವವರು ಹಳೆಯ ಸ್ಕ್ಯಾನ್ ರಿಪೋರ್ಟನ್ನು ರೇಷನ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ, ಮೊಬೈಲಿನಲ್ಲಿ ಅದರ ಫೋಟೊ ಇರಲಿ. ಮನೆಯಲ್ಲಿ ಒಬ್ಬರಿಗೆ, ತೋಟದಲ್ಲಿ ರೈಟರಿಗೋ ಜೊತೆಯವಳಿಗೋ ವಿಷಯ ತಿಳಿದಿರಲಿ. ನಾಚಿಕೆಯಿಂದ ಮುಚ್ಚಿಟ್ಟರೆ ನೋವಿನ ಹೊತ್ತಿನಲ್ಲಿ ಜೀಪು ಕೇಳುವವರು ಇರುವುದಿಲ್ಲ. ಆಸ್ಪತ್ರೆ ತಲುಪಿದ ಮೇಲೆ "ಹೊಟ್ಟೆನೋವು" ಎಂದಷ್ಟೇ ಹೇಳಿ ಸಾಲಿನಲ್ಲಿ ಕೂರಬೇಡಿ. ಹೀಗೆ ಹೇಳಿ: "ಬಲಗಡೆ ಅಂಡಾಶಯದಲ್ಲಿ ಆರೂವರೆ ಸೆಂಟಿಮೀಟರ್ ಸಿಸ್ಟ್ ಇದೆ, ಮೂರು ಗಂಟೆಗೆ ಚೀಲ ಎತ್ತುವಾಗ ಇದ್ದಕ್ಕಿದ್ದಂತೆ ನೋವು ಬಂತು, ಎರಡು ಸಲ ವಾಂತಿಯಾಯಿತು, ಕೊನೆಯ ಮುಟ್ಟು ಇಂಥ ದಿನ, ತಿರುಚಿದೆಯೇ ನೋಡಿ." ಬದಿ, ಗಾತ್ರ, ನೋವು ಶುರುವಾದ ಹೊತ್ತು, ವಾಂತಿ, ಮುಟ್ಟು ಈ ಐದೂ ಅದರಲ್ಲಿವೆ. ಕಾಯಿಸಬೇಕೋ ಕೂಡಲೇ ಒಳಗೆ ಕರೆದುಕೊಳ್ಳಬೇಕೋ ಎಂಬುದನ್ನು ವೈದ್ಯರು ನಿರ್ಧರಿಸುವುದು ಈ ಐದರ ಮೇಲೆಯೇ.